ಬ್ಯಾಡ್ರಿ ಅನ್ನುವಷ್ಟರಲ್ಲಿ

ನನ್ನ ಮುಖ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ನೋಡುವಂಥದ್ದಲ್ಲ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಅದನ್ನು ಸಾಕ್ಷಿಸಮೇತ ತೋರಿಸಿಕೊಟ್ಟದ್ದು ಮಾತ್ರ ಒಂದು ಗೆರೆ. ಆ ಗೆರೆ ಫೋನಿನ ಪರದೆಯ ಮೇಲೆ ಎಡಗಡೆಯ ತುದಿಯಲ್ಲಿ ಗೋಪುರದಷ್ಟು ಎತ್ತರದಲ್ಲಿ ಶುರುವಾಗಿ, ನಾನು "ನಮಸ್ಕಾರ್ರಿ" ಎಂದು ಬಾಯಿ ಮುಚ್ಚುವುದರೊಳಗೆ ಶಾಲೆಯ ಜಾರುಬಂಡಿಯ ಹಾಗೆ ನೆಲಕ್ಕೆ ಬಂದಿತ್ತು. ಎಷ್ಟು ಜನ ಎಲ್ಲಿಯವರೆಗೆ ನೋಡಿದರು, ಎಲ್ಲಿ ಬಿಟ್ಟು ಹೋದರು ಎಂದು ತೋರಿಸುವ ಗೆರೆ ಅದಂತೆ. ನಾನು ಹೇಳಲು ಹೊರಟ ವಿಷಯಕ್ಕೆ ಬರುವ ಹೊತ್ತಿಗೆ ಕೂತಿದ್ದವರು ಬಹುಶಃ ನಾನು, ನನ್ನ ಹೆಂಡತಿ ಮತ್ತು ಫೋನು ಕೈಯಲ್ಲಿ ಹಿಡಿದೇ ನಿದ್ದೆ ಹೋದ ಯಾರೋ ಒಬ್ಬರು.

ಗೋಪನಕೊಪ್ಪದಲ್ಲಿ ನನ್ನದೊಂದು ಔಷಧದ ಅಂಗಡಿ ಇದೆ. ಅದರ ಮೇಲಿನ ಮಾಳಿಗೆಯನ್ನು ಒಬ್ಬ ಹೆಣ್ಣುಮಗಳಿಗೆ ಬಾಡಿಗೆಗೆ ಕೊಟ್ಟಿದ್ದೇನೆ. ಮೊದಲು ಮದುವೆಯ ಆಲ್ಬಮ್ಮು, ವಿಡಿಯೊ ಮಾಡುತ್ತಿದ್ದಳು. ಈಗ ಸೀರೆ ಅಂಗಡಿ, ಹಲ್ಲಿನ ಡಾಕ್ಟರು, ಖಾನಾವಳಿ ಎಲ್ಲರಿಗೂ ಫೋನಿನಲ್ಲಿ ನೋಡುವ ಸಣ್ಣ ವಿಡಿಯೊ ಕತ್ತರಿಸಿ ಜೋಡಿಸಿ ಕೊಡುತ್ತಾಳೆ. ನನ್ನನ್ನು ಕಾಕಾ ಎನ್ನುತ್ತಾಳೆ. ಅಂಗಡಿಗೆ ಬಂದವರಿಗೆಲ್ಲ ನಾನು ಹೇಳುವುದನ್ನೇ ಕ್ಯಾಮೆರಾದ ಮುಂದೆ ಹೇಳಿದರೆ ಊರಿಗೆಲ್ಲ ಉಪಯೋಗವಾಗುತ್ತದೆ ಎಂದು ಹುರಿದುಂಬಿಸಿದವಳು ಅವಳೇ. ಡಾಕ್ಟರು ಕೊಟ್ಟ ಗುಳಿಗೆಯನ್ನು ಅರ್ಧಕ್ಕೆ ನಿಲ್ಲಿಸಬಾರದು ಎಂಬ ನನ್ನ ಮೊದಲ ಉಪದೇಶವನ್ನು ಜನ ಅರ್ಧಕ್ಕೂ ಮೊದಲೇ ನಿಲ್ಲಿಸಿದ್ದರು.

ಆಗ ಅವಳು ತನ್ನ ಕೆಲಸದ ಕಟ್ಟಳೆಯನ್ನು ನನಗೆ ತಿಳಿಸಿಕೊಟ್ಟಳು. ಒಂದೇ ಮುಖ, ಒಂದೇ ಗೋಡೆ, ಒಂದೇ ದನಿ ಇದ್ದರೆ ಕಣ್ಣು ಬೇಗ ಬೇಸರಪಡುತ್ತದೆ. ಹೆಬ್ಬೆರಳು ಮೊದಲೇ ಪರದೆಯ ಮೇಲೆ ಕಾಯುತ್ತಿರುತ್ತದೆ. ಅದಕ್ಕೇ ಎರಡು ಮೂರು ಸೆಕೆಂಡಿಗೊಮ್ಮೆ ಏನಾದರೂ ಬದಲಾಗಬೇಕು. ಬದಲಾವಣೆ ಎಂದರೆ ದೊಡ್ಡದೇನೂ ಅಲ್ಲ. ಅದೇ ಮುಖವನ್ನು ಸ್ವಲ್ಪ ಹತ್ತಿರಕ್ಕೆ ಎಳೆದರೂ ಆಯಿತು, ಒಂದು ಶಬ್ದವನ್ನು ದೊಡ್ಡದಾಗಿ ಬರೆದರೂ ಆಯಿತು, ಮಾತು ಹಿಂದೆ ಕೇಳಿಸುತ್ತಿರುವಾಗಲೇ ಮುಖದ ಮೇಲೆ ಬೇರೊಂದು ಚಿತ್ರ ಮುಚ್ಚಿದರೂ ಆಯಿತು. ಮಾತಿನ ನಡುವಿನ ಖಾಲಿ ಜಾಗವನ್ನೆಲ್ಲ ಕತ್ತರಿಸಿ ಎಸೆಯಬೇಕು. ಈ ಕೊನೆಯದು ನನಗೆ ಸ್ವಲ್ಪ ತಾಗಿತು. ನನ್ನ ಮಾತಿನಲ್ಲಿ ಖಾಲಿ ಜಾಗವೇ ಹೆಚ್ಚು. ಧಾರವಾಡ ಕಡೆಯ ಅಜ್ಜಿಯ ಕೈಯಲ್ಲಿ ಬೆಳೆದವನು ನಾನು. ಒಂದು ಮಾತು ಹೇಳಿ, ಎದುರಿನವರು "ಹೂಂ" ಅನ್ನುವವರೆಗೆ ಕಾಯುವುದು ನನಗೆ ಅಭ್ಯಾಸ. ಕ್ಯಾಮೆರಾ ಹೂಂ ಅನ್ನುವುದಿಲ್ಲವಾದ್ದರಿಂದ ಇನ್ನಷ್ಟು ಕಾಯುತ್ತಿದ್ದೆ.

"ಕಾಕಾ, ನೀವು ಮಾತಾಡಿದ್ದಕ್ಕಿಂತ ಸುಮ್ನ ಕುಂತದ್ದ ಭಾಳ ಐತ್ರಿ," ಎಂದು ಅವಳು ಕಂಪ್ಯೂಟರಿನಲ್ಲಿ ತೋರಿಸಿದಳು. ದನಿಯ ಅಲೆ ಎದ್ದಲ್ಲಿ ಗುಡ್ಡ, ನಾನು ಸುಮ್ಮನಿದ್ದಲ್ಲಿ ಬಯಲು. ಬಯಲುಸೀಮೆಯವನೇ ಆದ್ದರಿಂದ ನಾನು ಏನೂ ಅನ್ನಲಿಲ್ಲ. ನಿಜ ಹೇಳಬೇಕೆಂದರೆ ಮುಖದ ಮೇಲೆ ಚಿತ್ರ ಮುಚ್ಚುವ ಮಾತು ಕೇಳಿ ನನಗೆ ಸಮಾಧಾನವೇ ಆಗಿತ್ತು. ಎಷ್ಟು ಮುಚ್ಚುತ್ತೀಯೋ ಅಷ್ಟು ಮುಚ್ಚು ತಾಯಿ ಎಂದುಕೊಂಡೆ.

ಇಷ್ಟೆಲ್ಲ ಸಾಹಸ ಏಕೆಂದರೆ, ಕೆಮ್ಮಿನ ಔಷಧ, ಕಿವಿಯ ಹನಿ ಇವುಗಳ ಹಿಂದೆ ನನಗೆ ಹೇಳಬೇಕಾದ ವಿಷಯ ಒಂದೇ ಇತ್ತು. ಅದು ನನ್ನ ಮಗಳದು.

ಅವಳಿಗೆ ಹೈಸ್ಕೂಲಿನಲ್ಲಿದ್ದಾಗಿನಿಂದ ಫಿಟ್ಸ್ ಇದೆ. ಗುಳಿಗೆಯಿಂದ ಹತೋಟಿಯಲ್ಲಿದೆ, ಬಂದರೆ ಯಾವಾಗಲೋ ಒಮ್ಮೆ, ನಿದ್ದೆಗೆಟ್ಟಾಗ. ಬೇರೆಯವರ ಮನೆಯ ಮಕ್ಕಳಿಗೆ ನಾನೇ ಗುಳಿಗೆ ಎಣಿಸಿ ಕೊಡುತ್ತಾ ಇದೇನೂ ದೊಡ್ಡದಲ್ಲರಿ ಎಂದು ಧೈರ್ಯ ಹೇಳುತ್ತೇನೆ. ನನ್ನ ಮಗಳ ವಿಷಯಕ್ಕೆ ಬಂದರೆ ಅದೇ ಧೈರ್ಯ ಅಂಗಡಿಯಲ್ಲೇ ಉಳಿದುಬಿಡುತ್ತದೆ. ಚಿಂತೆ ಮಾಡುವುದರಲ್ಲಿ ನನಗೆ ರಜೆಯಿಲ್ಲ. ಅವಳು ಬಿ.ಎಡ್. ಮುಗಿಸಿ, ಮುಗದದಿಂದ ಇನ್ನೂ ಆಚೆಗಿರುವ ಒಂದು ಸಣ್ಣ ಊರಿನ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಹೋಗತೊಡಗಿದಾಗ ನನ್ನ ಚಿಂತೆಗೆ ಬಸ್ಸಿನ ಪಾಸು ಸಿಕ್ಕಂತಾಯಿತು. ದಿನವೂ ಅವಳ ಜೊತೆ ಹೋಗಿ ಬರುತ್ತಿತ್ತು.

ಶಾಲೆಯಲ್ಲಿ ಅವಳು ಈ ವಿಷಯ ಯಾರಿಗೂ ಹೇಳಿರಲಿಲ್ಲ. ಅತಿಥಿಯ ಕೆಲಸ, ಬೇಡ ಅನ್ನಲು ಕಾರಣ ಹುಡುಕಬೇಕಾಗಿಲ್ಲ. ಅದರ ಮೇಲೆ ಮದುವೆಯ ಮಾತು ಬೇರೆ ನಡೆದಿತ್ತು. ಹೇಳಿದರೆ ಕಷ್ಟ, ಹೇಳದಿದ್ದರೆ ಅಲ್ಲಿ ಬಿದ್ದ ದಿನ ಜನ ಏನು ಮಾಡುತ್ತಾರೆ ಎಂಬ ಭಯ. ನಮ್ಮ ಕಡೆ ಏನು ಮಾಡುತ್ತಾರೆ ಎಂದು ಎಲ್ಲರಿಗೂ ಗೊತ್ತು. ಹಲ್ಲು ಕಚ್ಚಿದ ಬಾಯಿಗೆ ಚಮಚ ಇಡುತ್ತಾರೆ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಾರೆ, ಕೈಯಲ್ಲಿ ಬೀಗದ ಕೀಲಿಕೈ ತುರುಕುತ್ತಾರೆ. ಎಲ್ಲವೂ ಪ್ರೀತಿಯಿಂದಲೇ. ಉಳ್ಳಾಗಡ್ಡಿಯಿಂದ ಕಣ್ಣುರಿ, ಕೀಲಿಕೈಯಿಂದ ಅಂಗೈಗೆ ಗೀರು. ಆದರೆ ಆ ಚಮಚ ಹಲ್ಲು ಮುರಿಯುತ್ತದೆ, ಮುರಿದ ಚೂರು ಗಂಟಲಿಗೆ ಹೋಗಬಹುದು.

ಆದ್ದರಿಂದ ನಾನು ಮತ್ತು ಮಗಳು ಒಂದು ಉಪಾಯ ಹೂಡಿದೆವು. ಔಷಧದ ಅಂಗಡಿಯವನು ಎಲ್ಲರಿಗೂ ಹೇಳುವ ಹಾಗೆ ನಾನು ಫಿಟ್ಸಿನ ಬಗ್ಗೆ ಒಂದು ವಿಡಿಯೊ ಮಾಡುವುದು. ಅವಳು ಅದನ್ನು ಶಾಲೆಯವರ ಗುಂಪಿಗೆ, ನಮ್ಮ ಅಪ್ಪನ ವಿಡಿಯೊ ಎಂಬ ಹೆಮ್ಮೆಯ ನೆಪದಲ್ಲಿ ಕಳಿಸುವುದು. ಹೇಳದೆಯೇ ಹೇಳಿದ ಹಾಗೆ.

ಚಿತ್ರೀಕರಣದ ದಿನ ನಾನು ಹೇಳಿದ ವಾಕ್ಯ ನನಗೆ ಈಗಲೂ ಬಾಯಿಪಾಠ. ಆಮೇಲೆ ಅದನ್ನು ಅಷ್ಟು ಸಲ ಕೇಳಬೇಕಾಯಿತು. "ಫಿಟ್ಸ್ ಬಂದವರಿಗೆ ನಮ್ಮ ಮಂದಿ ಬಾಯಾಗ ಚಮಚಾ ಇಡೂದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯೂದು, ಕೈಯಾಗ ಕೀಲಿಕೈ ಕೊಡೂದು, ಇವೆಲ್ಲಾ ಅದಾವಲ್ರಿ..." ಇಲ್ಲಿ ಒಂದು ದೊಡ್ಡ ನಿಲುಗಡೆ. ಎದುರಿನವರು "ಹೌದ್ರಿ, ಅದಾವ" ಅನ್ನಲಿ ಎಂದು. ಆಮೇಲೆ ತಲೆಯಾಡಿಸುತ್ತ, "ಯಾವುದೂ ಮಾಡಬ್ಯಾಡ್ರಿ." ನಂತರ, ಅವರನ್ನು ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿರಿ, ಸುತ್ತಲಿನ ಗಟ್ಟಿ ಸಾಮಾನು ದೂರ ಸರಿಸಿರಿ, ಒತ್ತಿ ಹಿಡಿಯಬೇಡಿರಿ, ಗಡಿಯಾರ ನೋಡಿರಿ, ಐದು ನಿಮಿಷಕ್ಕೂ ನಿಲ್ಲದಿದ್ದರೆ ಆಂಬುಲೆನ್ಸ್ ಕರೆಯಿರಿ ಎಂದೆಲ್ಲ ಹೇಳಿದೆ.

ಮೇಲಿನ ಮಾಳಿಗೆಯವಳು ಅದನ್ನು ಚೆಂದವಾಗಿ ಜೋಡಿಸಿದಳು. ಫಿಟ್ಸ್ ಎಂದ ಕ್ಷಣಕ್ಕೆ ನೆಲಕ್ಕೆ ಬಿದ್ದ ಮನುಷ್ಯ. ಚಮಚ ಎಂದ ಕ್ಷಣಕ್ಕೆ ಬಾಯಿಯ ಹತ್ತಿರ ಹೊಳೆಯುವ ಚಮಚ. ಉಳ್ಳಾಗಡ್ಡಿ ಎಂದ ಕ್ಷಣಕ್ಕೆ ಮೂಗಿನ ಬಳಿ ಹೋಳು ಮಾಡಿದ ಕೆಂಪು ಉಳ್ಳಾಗಡ್ಡಿ. ಕೀಲಿಕೈ ಎಂದ ಕ್ಷಣಕ್ಕೆ ಕೀಲಿಕೈ. ಪ್ರತಿಯೊಂದರ ಮೂಲೆಯಲ್ಲಿ ಒಂದು, ಎರಡು, ಮೂರು ಎಂದು ಅಂಕೆ. ನನ್ನ ದೊಡ್ಡ ನಿಲುಗಡೆ ಕತ್ತರಿಗೆ ಹೋಯಿತು. ಆಮೇಲೆ ಹತ್ತಿರಕ್ಕೆ ಎಳೆದ ನನ್ನ ಮುಖ, ಕೂಡಲೇ ಮಗ್ಗುಲಿಗೆ ಹೊರಳಿಸುವ ಚಿತ್ರ. ಎಲ್ಲಿಯೂ ಮೂರು ಸೆಕೆಂಡು ಮೀರಿಲ್ಲ. ನೋಡಿ ನನಗೆ ನಾನೇ ಯಾರೋ ಚುರುಕಾದ ಮನುಷ್ಯ ಎನ್ನಿಸಿತು. ಗೆರೆಯೂ ಈ ಸಲ ಜಾರಲಿಲ್ಲ. ಗರಗದ ಖಾದಿ ನೂಲಿನ ಹಾಗೆ ನೇರವಾಗಿ ಬಹಳ ದೂರ ಹೋಯಿತು. ಪರಿಚಯವಿಲ್ಲದ ಊರುಗಳ ಜನ ಅದನ್ನು ಒಬ್ಬರಿಂದ ಒಬ್ಬರಿಗೆ ಕಳಿಸಿದರು. ಹೆಂಡತಿ ಕೂಡ ಕೊನೆಯವರೆಗೆ ನೋಡಿದಳು.

ಮಗಳು ಶಾಲೆಯ ಗುಂಪಿಗೆ ಕಳಿಸಿದಳು. ನಮಸ್ಕಾರದ ಕೈಗಳು, ಹೂಗುಚ್ಛಗಳು ಬಂದವು. ಬಿಸಿಯೂಟದ ಅಡಿಗೆ ಮಾಡುವ ಹೆಂಗಸು, ಎಲ್ಲರೂ ಬಾಯಾರು ಅನ್ನುವವರು, ಅವಳನ್ನು ಕರೆದು, ನಿಮ್ಮಪ್ಪಾರು ಛಲೋ ಹೇಳ್ಯಾರವ್ವಾ ಎಂದರಂತೆ. ಆವತ್ತು ನಾನು ನೆಮ್ಮದಿಯಿಂದ ಉಂಡೆ. ನನಗೆ ನೆಮ್ಮದಿ ಒಗ್ಗುವುದಿಲ್ಲ ಎಂಬುದನ್ನು ಮರೆತಿದ್ದೆ.

ಆಮೇಲೆ ಬಹಳ ದಿನ ಆಗಿರಲಿಲ್ಲ. ಅಂಗಡಿಯಲ್ಲಿ ಒಬ್ಬರಿಗೆ ಚಿಲ್ಲರೆ ಕೊಡುತ್ತಿದ್ದಾಗ ಶಾಲೆಯ ಮುಖ್ಯೋಪಾಧ್ಯಾಯಿನಿಯವರ ಫೋನು ಬಂತು. ದನಿಯಲ್ಲೇ ತಿಳಿಯಿತು. ಮಗಳು ಊಟದ ಹೊತ್ತಿನಲ್ಲಿ ಅಡಿಗೆ ಕೋಣೆಯ ಬಾಗಿಲಲ್ಲಿ ಬಿದ್ದಳಂತೆ. ಈಗ ಎಚ್ಚರಾಗಿದ್ದಾಳೆ, ಬಾಯಿಂದ ಸ್ವಲ್ಪ ರಕ್ತ ಬಂದಿದೆ, ಧಾರವಾಡದ ಆಸ್ಪತ್ರೆಗೆ ಕರೆತರುತ್ತಿದ್ದೇವೆ, ಗಾಬರಿಯಾಗಬೇಡಿ ಎಂದರು. ಗಾಬರಿಯಾಗಬೇಡಿ ಎಂಬ ಮಾತನ್ನು ನನಗೆ ಹೇಳುವುದು ಬೆಂಕಿಗೆ ಬಿಸಿಯಾಗಬೇಡ ಎಂದ ಹಾಗೆ.

ಆಸ್ಪತ್ರೆಯಲ್ಲಿ ಅವಳು ಮಂಚದ ಮೇಲೆ ಕೂತಿದ್ದಳು. ಮೇಲ್ದುಟಿ ಊದಿತ್ತು. ಮುಂದಿನ ಒಂದು ಹಲ್ಲಿನ ಮೂಲೆ ಮುರಿದಿತ್ತು. ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು, ಅಳುತ್ತಿದ್ದಾಳೆ ಎಂದುಕೊಂಡೆ. ಹತ್ತಿರ ಹೋದಾಗ ಉಳ್ಳಾಗಡ್ಡಿಯ ವಾಸನೆ ಬಂತು. ಅವಳ ಮುಚ್ಚಿದ್ದ ಕೈ ಬಿಡಿಸಿದರೆ ಅಂಗೈಯಲ್ಲಿ ಕೀಲಿಕೈಯ ಹಲ್ಲಿನ ಗುರುತು. ಒಂದು, ಎರಡು, ಮೂರು. ಮುರಿದ ಹಲ್ಲಿನ ಚೂರು ಎಲ್ಲಿ ಹೋಯಿತು ಎಂದು ಡಾಕ್ಟರು ಎದೆಯ ಎಕ್ಸ್‌ರೇ ತೆಗೆಸಿದರು. ಅದು ಒಳಗೆ ಇರಲಿಲ್ಲ. ಆ ಚಿತ್ರ ಕೈಗೆ ಬರುವವರೆಗೆ ನಾನು ಹೊರಗಿನ ಬೆಂಚಿನ ಮೇಲೆ ಹೇಗೆ ಕೂತಿದ್ದೆ ಎಂಬುದನ್ನು ಬರೆಯಲು ಹೋಗುವುದಿಲ್ಲ.

ಮರುದಿನ ಅಡಿಗೆಯ ಬಾಯಾರು ಮುಖ್ಯೋಪಾಧ್ಯಾಯಿನಿಯವರ ಜೊತೆ ಮನೆಗೆ ಬಂದರು. ನಾನು ಸಿಟ್ಟಿನ ಮಾತುಗಳನ್ನು ಬೆಳಗಿನಿಂದ ಜೋಡಿಸಿಟ್ಟುಕೊಂಡಿದ್ದೆ. ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ಹೀಗೆ ಮಾಡುವುದೇ ಎಂದು ಕೇಳುವವನಿದ್ದೆ. ಆದರೆ ಬಾಯಾರು ಒಳಗೆ ಬಂದು, ಕೂಡ್ರಲೂ ಇಲ್ಲ; ಮಗಳ ತುಟಿ ನೋಡಿ, ನಂತರ ನನ್ನ ಕಡೆ ತಿರುಗಿದರು.

"ನೀವು ಹೇಳಿಧಂಗ ಮಾಡಿದ್ನಿರಿ ಸರ್ರ. ಎಲ್ಲಾ ನೀವು ಹೇಳಿಧಂಗ. ಎಲ್ಲಿ ತಪ್ಪಿತೋ ತಿಳೀವಲ್ದು."

ಚಮಚ ಇಡಬೇಡಿ ಎಂದಲ್ಲವೇ ನಾನು ಹೇಳಿದ್ದು ಎಂದು ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, ಸೆರಗಿನ ಮರೆಯಿಂದ ಫೋನು ತೆಗೆದು, ಕಣ್ಣಿನಿಂದ ದೂರ ಹಿಡಿದು, ವಿಡಿಯೊ ಹಚ್ಚಿ ನನ್ನ ಕೈಗೆ ಕೊಟ್ಟರು. ಅದರಲ್ಲಿ ದನಿ ಇರಲಿಲ್ಲ. ಶಾಲೆಯಲ್ಲಿ ತರಗತಿ ನಡೆದಾಗ ಫೋನಿನ ದನಿ ಬಂದ್ ಇರಬೇಕೆಂದು ನಿಯಮವಿದೆಯಂತೆ. ಅವರು ಅನ್ನ ಬೇಯುವಾಗ ಒಲೆಯ ಮುಂದೆ ನಿಂತು, ಚಾಳೀಸಿನ ಕನ್ನಡಕ ಇಲ್ಲದೆ, ಬರೀ ಚಿತ್ರ ನೋಡಿದ್ದರು.

ನಾನು ಮೊದಲ ಸಲ ನನ್ನ ವಿಡಿಯೊವನ್ನು ದನಿಯಿಲ್ಲದೆ ನೋಡಿದೆ.

ಬಿದ್ದ ಮನುಷ್ಯ. ಒಂದು: ಚಮಚ. ಎರಡು: ಉಳ್ಳಾಗಡ್ಡಿ. ಮೂರು: ಕೀಲಿಕೈ. ಆಮೇಲೆ ಔಷಧದ ಅಂಗಡಿಯ ಸರ್ರು, ಭೇಷ್ ಎನ್ನುವ ಹಾಗೆ ತಲೆಯಾಡಿಸುತ್ತಾರೆ. ಆಮೇಲೆ ಮಗ್ಗುಲಿಗೆ ಹೊರಳಿಸುತ್ತಾರೆ. ಬ್ಯಾಡ್ರಿ ಎಂಬ ಶಬ್ದ ಪರದೆಯ ಕೆಳಗೆ ಬಂದಿತ್ತು, ಇಲ್ಲವೆಂದಲ್ಲ; ರೆಪ್ಪೆ ಮಿಟುಕಿಸುವಷ್ಟು ಹೊತ್ತು ಇದ್ದು ಹೋಗಿತ್ತು. ಬಾಯಾರು ಮಗಳನ್ನು ಕೊನೆಗೆ ಮಗ್ಗುಲಿಗೆ ಹೊರಳಿಸಿಯೂ ಇದ್ದರು. ಸಾಲಾಗಿ ಒಂದನ್ನೂ ಬಿಡದೆ ಮಾಡಿದ್ದರು. ನಾನು ಅವರಿಗೆ ಚಹಾ ತರಿಸಿದೆ.

ಅವರು ಹೋದ ಮೇಲೆ ಮಾಳಿಗೆ ಹತ್ತಿದೆ. ಮೇಲಿನವಳಿಗೆ ಆಗಲೇ ಸುದ್ದಿ ತಿಳಿದಿತ್ತು, ವಿಡಿಯೊ ತೆರೆದಿಟ್ಟುಕೊಂಡಿದ್ದಳು. ಇಬ್ಬರೂ ಕಂಪ್ಯೂಟರಿನ ಮುಂದೆ ಕೂತು ದನಿ ತೆಗೆದು ಮತ್ತೆ ಮತ್ತೆ ನೋಡಿದೆವು. ಸ್ವಲ್ಪ ಹೊತ್ತಿಗೆ ಜಗಳವೂ ಆಯಿತು. ನನ್ನ ನಿಲುಗಡೆ ತೆಗೆದದ್ದಕ್ಕೇ ಹೀಗಾಯಿತು ಎಂದು ನಾನು. ಇಷ್ಟುದ್ದ ವಾಕ್ಯದ ಬಾಲಕ್ಕೆ ಒಂದು ಬ್ಯಾಡ್ರಿ ಕಟ್ಟಿದರೆ ಯಾರು ಅಲ್ಲಿಯವರೆಗೆ ಕಾಯುತ್ತಾರೆ ಎಂದು ಅವಳು.

"ನಾ ಕಲತದ್ದ ಹಂಗ ಐತ್ರಿ ಕಾಕಾ. ಹೆಸರು ಬಂದ ಕೂಡಲೇ ಚಿತ್ರ ಬರಬೇಕು, ಮೂರು ಸೆಕೆಂಡಿಗೆ ಹೋಗಬೇಕು," ಎಂದಳು.

"ಹೆಸರು ಮೊದಲ ಬರ್ತೈತಿ ತಂಗಿ. ಬ್ಯಾಡ ಅನ್ನೂದು ಕಡೀಕ ಬರ್ತೈತಿ. ನಮ್ಮ ಮಾತ ಹಂಗ ಐತಿ."

ಅವಳು ಇದನ್ನು ಕಲಿತದ್ದು ಇಂಗ್ಲಿಷಿನ ಪಾಠಗಳಿಂದ. ಅಲ್ಲಿ ಬೇಡ ಎಂಬುದು ಮೊದಲೇ ಬಂದುಬಿಡುತ್ತದೆ. ಆಮೇಲೆ ಏನು ಬೇಡ ಎಂಬುದರ ಚಿತ್ರ ಬಂದರೆ ನಡೆಯುತ್ತದೆ. ಕನ್ನಡದಲ್ಲಿ ನಾವು ಬೇಡವಾದದ್ದನ್ನೆಲ್ಲ ಮೊದಲು ತಟ್ಟೆಯಲ್ಲಿ ಬಡಿಸಿ, ಕೊನೆಗೆ ತಿನ್ನಬೇಡಿ ಎನ್ನುತ್ತೇವೆ. ಕೇಳುವವರು ಎದುರಿಗೆ ಕೂತಿದ್ದರೆ, ನಮ್ಮ ಮುಖ ಕಾಣುತ್ತಿದ್ದರೆ, ಅದು ಬರುವವರೆಗೆ ಕಾಯುತ್ತಾರೆ. ಆ ಮುಖವನ್ನೇ ನಾನು ಸಂತೋಷದಿಂದ ಮುಚ್ಚಿಸಿದ್ದೆ.

ಮೊದಲು ವಿಡಿಯೊ ತೆಗೆದುಹಾಕಿದೆವು. ತೆಗೆದುಹಾಕಿದೆವು ಎನ್ನುವುದು ಒಂದು ಮಾತು. ಜನ ಇಳಿಸಿಕೊಂಡು ಕಳಿಸಿದ್ದು ಇನ್ನೂ ಎಲ್ಲೆಲ್ಲಿ ಓಡಾಡುತ್ತಿತ್ತೋ. ಯಾರಾದರೂ ಅಂಗಡಿಗೆ ಬಂದು, "ನಿಮ್ಮ ವಿಡಿಯೊ ನೋಡಿದ್ವಿರಿ" ಎಂದರೆ ಕೈಯಲ್ಲಿದ್ದ ಗುಳಿಗೆ ಕೆಳಗಿಡುತ್ತಿದ್ದೆ. ದನಿ ಇಟ್ಟು ನೋಡಿದ್ರೋ ಇಲ್ಲೋ ಎಂದು ಕೇಳಿ, ಪೂರ್ತಿ ವಿಷಯವನ್ನು ಮತ್ತೊಮ್ಮೆ ಹೇಳಿಯೇ ಬಿಡುತ್ತಿದ್ದೆ. ತಲೆನೋವಿನ ಗುಳಿಗೆಗೆ ಬಂದವರು ತಲೆನೋವು ಹೆಚ್ಚಿಸಿಕೊಂಡು ಹೋಗುತ್ತಿದ್ದರು.

ಹಾಗೆಯೇ ಬಿಡುವಂತೆಯೂ ಇರಲಿಲ್ಲ. ತಪ್ಪು ವಿಡಿಯೊ ಹೋದಷ್ಟು ದೂರ ಸರಿಯಾದದ್ದು ಹೋಗಬೇಕಿತ್ತು. ಅದಕ್ಕಿಂತ ಮುಖ್ಯವಾಗಿ ಮಗಳು ತುಟಿಯ ಊತ ಇಳಿದ ಮೇಲೆ ಅದೇ ಶಾಲೆಗೆ, ಅದೇ ಅಡಿಗೆ ಕೋಣೆಯ ಬಾಗಿಲಿಗೆ ಹೋಗುವವಳು. ಮುಖ್ಯೋಪಾಧ್ಯಾಯಿನಿ ಬೇಡ ಎನ್ನಲಿಲ್ಲ; ಅದು ಅವರ ದೊಡ್ಡತನ. ಮತ್ತೆ ಹೀಗಾದರೆ ಮಾತ್ರ ನಮಗೂ ಕಷ್ಟ ಎಂದಷ್ಟೇ ಹೇಳಿ ಹೋಗಿದ್ದರು.

ನಾವಿಬ್ಬರೂ ಹಳೆಯದನ್ನೇ ತಿದ್ದಲು ಕೂತೆವು. ಚಮಚ, ಉಳ್ಳಾಗಡ್ಡಿ, ಕೀಲಿಕೈಗಳ ಮೇಲೆ ಕೆಂಪು ಗೀಟು ಹಾಕಿ ನೋಡಿದೆವು. ಆದರೆ ಚಮಚ ಮೊದಲು ಕಂಡು, ಗೀಟು ಆಮೇಲೆ ಬೀಳುವಷ್ಟರಲ್ಲಿ ಚಿತ್ರ ಬದಲಾಗುತ್ತಿತ್ತು. ಚಿತ್ರವನ್ನು ಬ್ಯಾಡ್ರಿ ಎನ್ನುವವರೆಗೂ ಎಳೆದು ನಿಲ್ಲಿಸಿದೆವು. ಈಗ ಕಣ್ಣಲ್ಲಿ ಉಳಿಯುವುದು ಚಮಚವೇ. ಪರೀಕ್ಷೆಗೆ ನನ್ನ ಹೆಂಡತಿಯನ್ನು ಕರೆದು ದನಿಯಿಲ್ಲದೆ ತೋರಿಸಿ, ಏನು ತಿಳಿಯಿತು ಎಂದು ಕೇಳಿದೆ. "ಉಳ್ಳಾಗಡ್ಡಿ ಮತ್ತ ತುಟ್ಟಿ ಆಗ್ಯಾವೇನ್ರಿ?" ಎಂದಳು. ಅದರಲ್ಲಿ ಹಾಸ್ಯ ಇರಲಿಲ್ಲ. ಅವಳು ಮಗಳ ಹಲ್ಲಿನ ಚಿಂತೆಯಲ್ಲಿದ್ದಳು, ಪರದೆಯಲ್ಲಿ ಮಿಂಚಿ ಹೋದ ಕೆಂಪು ಗೀಟು ಅವಳಿಗೆ ಬೆಲೆಯ ಸುದ್ದಿಯ ಹಾಗೆ ಕಂಡಿತ್ತು.

ಮೂರು ಸೆಕೆಂಡಿನ ಕಟ್ಟಳೆ ಸುಳ್ಳಲ್ಲ ಎಂದು ಮೇಲಿನವಳು ಈಗಲೂ ಹೇಳುತ್ತಾಳೆ, ನಾನೂ ಒಪ್ಪುತ್ತೇನೆ. ಸೀರೆಯ ಅಂಗಡಿಯವರದು ಅದರಿಂದಲೇ ನಡೆಯುತ್ತದೆ. ಒಂದು ಸೀರೆ ನೋಡುವಷ್ಟರಲ್ಲಿ ಇನ್ನೊಂದು ಬಂದರೆ ಯಾರ ಹಲ್ಲೂ ಮುರಿಯುವುದಿಲ್ಲ. ಗಡಿಯಾರ ನೋಡಿ ಕತ್ತರಿಸುವುದು ಬೇರೆ, ಮಾತು ಎಲ್ಲಿ ಮುಗಿಯಿತು ಎಂದು ನೋಡಿ ಕತ್ತರಿಸುವುದು ಬೇರೆ ಎಂಬಷ್ಟನ್ನು ಆ ದಿನಗಳಲ್ಲಿ ನಾವಿಬ್ಬರೂ ಪರಸ್ಪರ ಬೈದುಕೊಳ್ಳುತ್ತ ಕಲಿತೆವು.

ಮಗಳು ಒಂದು ಸಂಜೆ ಮಾಳಿಗೆ ಹತ್ತಿ ಬಂದು ನಮ್ಮ ಹಿಂದೆ ನಿಂತಳು. ಮುರಿದ ಹಲ್ಲಿನಿಂದ ಅವಳ ಸಕಾರ ಸ್ವಲ್ಪ ಸೀಟಿ ಹೊಡೆಯುತ್ತಿತ್ತು. ನಾವು ಚಮಚವನ್ನು ಅರ್ಧ ಸೆಕೆಂಡು ಹಿಂದೆ ಮುಂದೆ ಸರಿಸುತ್ತಿದ್ದುದನ್ನು ನೋಡಿದಳು.

"ಅಪ್ಪಾ, ಚಮಚಾ ತೋರಸೂದ ಯಾಕ? ಎಲ್ಲಾರಿಗೂ ಅದು ಮೊದಲ ಗೊತ್ತೈತಿ," ಎಂದಳು. ಅಲ್ಲಿದ್ದ ಕುರ್ಚಿ ಎಳೆದು, "ನಾ ಕುಂದರ್ತೇನಿ ಕ್ಯಾಮೆರಾ ಮುಂದ," ಎಂದಳು.

ನಾನು ಬೇಡ ಎಂದೆ. ಈ ಬೇಡ ಮಾತ್ರ ವಾಕ್ಯದ ಮೊದಲಿಗೇ ಬಂತು. ಅವಳು ಕೂತರೆ ಅದು ಔಷಧದ ಅಂಗಡಿಯವನ ಸಾಮಾನ್ಯ ಸಲಹೆಯಾಗಿ ಉಳಿಯುವುದಿಲ್ಲ. ತನಗೆ ಫಿಟ್ಸ್ ಇದೆ ಎಂದು ಅವಳೇ ಊರಿಗೆಲ್ಲ ಹೇಳಿದಂತೆ. ಗಂಡಿನ ಕಡೆಯವರು ನೋಡುತ್ತಾರೆ, ಮುಂದಿನ ವರ್ಷ ಕೆಲಸ ಕೊಡುವವರು ನೋಡುತ್ತಾರೆ. ಇವನ್ನೆಲ್ಲ ನಾನು ಉದ್ದಕ್ಕೆ ಹೇಳಿದೆ. ಅವಳು ನಾನು ಮುಗಿಸುವವರೆಗೆ ಕಾದಳು. ನನ್ನ ಮಾತು ಕೊನೆಯವರೆಗೆ ಕೇಳುವವಳು ಅವಳೊಬ್ಬಳೇ.

"ಶಾಲ್ಯಾಗ ಹ್ಯಾಂಗೂ ಗೊತ್ತಾತು. ಗಂಡಿನ ಮನಿಯವರಿಗೆ ಮದವಿ ಆದಮ್ಯಾಲೆ ಗೊತ್ತಾಗಿ, ಅವರೂ ಚಮಚಾ ತಂದ್ರ?"

ಹೆಂಡತಿಗೆ ಇದನ್ನು ಹೇಳಿದಾಗ ಅವಳು ಅತ್ತು, ಆಮೇಲೆ ಮಗಳಿಗೆ ಯಾವ ಸೀರೆ ಎಂದು ಕೇಳಿದಳು. ಅವಳ ಒಪ್ಪಿಗೆ ಯಾವಾಗಲೂ ಹೀಗೆಯೇ ಬರುತ್ತದೆ.

ಮಗಳು ಹೇಳಿದ್ದು ಬಹಳ ಕಡಿಮೆ. ಮೊದಲ ಶಬ್ದವೇ "ಬ್ಯಾಡ್ರಿ". ಅಂಗೈಯನ್ನು ಕ್ಯಾಮೆರಾಕ್ಕೆ ಅಡ್ಡ ಹಿಡಿದು, ಪಾಠ ಮಾಡುವ ದನಿಯಲ್ಲಿ. ಆಮೇಲೆ, "ನನಗ ಫಿಟ್ಸ್ ಬಂದಾಗ ಬಾಯಾಗ ಏನೂ ಇಡಬ್ಯಾಡ್ರಿ," ಎಂದು ಹೇಳಿ, ತುಟಿ ಸರಿಸಿ ಮುರಿದ ಹಲ್ಲು ತೋರಿಸಿದಳು. ತೋರಿಸಿ ಸುಮ್ಮನೆ ನೋಡುತ್ತ ಕೂತಳು. ಆ ಮೌನವನ್ನು ಕತ್ತರಿಸಲು ಮೇಲಿನವಳ ಬೆರಳು ಎರಡು ಸಲ ಮುಂದೆ ಹೋಗಿ ಹಿಂದೆ ಬಂತು. ಕೊನೆಗೆ ಹಾಗೆಯೇ ಬಿಟ್ಟಳು. ಆ ಪೂರ್ತಿ ಭಾಗಕ್ಕೆ ಒಂದೂ ಕಟ್ ಇಲ್ಲ, ಹತ್ತಿರಕ್ಕೆ ಎಳೆಯುವುದಿಲ್ಲ, ಮೇಲೆ ಚಿತ್ರ ಮುಚ್ಚುವುದಿಲ್ಲ. "ಬ್ಯಾಡ್ರಿ" ಎಂದು ದೊಡ್ಡದಾಗಿ ಬರೆದದ್ದು ಮೊದಲಿನಿಂದ ಹಲ್ಲು ತೋರಿಸುವವರೆಗೂ ಅಲ್ಲೇ ನಿಂತಿರುತ್ತದೆ. ಚಿತ್ರ ಬದಲಾಗುವುದು ಒಂದೇ ಸಲ, ಮಾತು ಬೇಡವಾದದ್ದರಿಂದ ಬೇಕಾದದ್ದಕ್ಕೆ ತಿರುಗಿದಾಗ. ಅಲ್ಲಿ ನಾನು ಚಾಪೆಯ ಮೇಲೆ ಬಿದ್ದುಕೊಂಡಿದ್ದೇನೆ. ಅವಳು ನನ್ನನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮಡಚಿದ ಟವೆಲು ಇಟ್ಟು, ಹತ್ತಿರದ ಸ್ಟೂಲು ಸರಿಸಿ, ಗಡಿಯಾರ ನೋಡುತ್ತಾಳೆ. ಹೊರಳಿಸುವುದನ್ನು ತುಂಡು ಮಾಡಿದರೆ ಕೈ ಎಲ್ಲಿ ಹಿಡಿಯಬೇಕು ಎಂದು ತಿಳಿಯುವುದಿಲ್ಲವೆಂದು ಅದೂ ಒಂದೇ ಉಸಿರಿನಲ್ಲಿ ಹೋಗುತ್ತದೆ. ನನ್ನ ಹೊಟ್ಟೆ ಪರದೆಯ ಅರ್ಧ ತುಂಬಿದೆ. ಅದನ್ನಾದರೂ ಮುಚ್ಚಬಹುದಿತ್ತು, ಯಾರೂ ಮುಚ್ಚಲಿಲ್ಲ.

ಗೆರೆ ಮತ್ತೆ ಜಾರುಬಂಡಿಯೇ. ಹಳೆಯ ವಿಡಿಯೊ ಹೋದ ದಾರಿಯ ಕಾಲುಭಾಗವನ್ನೂ ಇದು ಹೋಗಿಲ್ಲ. ಮೇಲಿನವಳು ದಿನಕ್ಕೊಮ್ಮೆ ನೋಡಿ ಫೋನು ಕೆಳಗಿಡುತ್ತಾಳೆ. ಒಂದಷ್ಟು ಜನ ಕೆಳಗೆ ಬರೆದರು: ಧೈರ್ಯವಂತೆ ಎಂದು ಕೆಲವರು, ಇದನ್ನೆಲ್ಲ ಹೇಳಿಕೊಳ್ಳಬೇಕೆ ಎಂದು ಕೆಲವರು. ಗಂಡಿನ ಕಡೆಯವರು ಏನೂ ಬರೆಯಲಿಲ್ಲ, ಫೋನೂ ಮಾಡಲಿಲ್ಲ. ಮಗಳು ಅದನ್ನು ನನ್ನಷ್ಟು ಮನಸ್ಸಿಗೆ ಹಚ್ಚಿಕೊಂಡ ಹಾಗೆ ಕಾಣಲಿಲ್ಲ, ಅಥವಾ ನನಗೆ ಕಾಣದ ಹಾಗೆ ನೋಡಿಕೊಂಡಳು.

ಅವಳು ಶಾಲೆಗೆ ಹಿಂತಿರುಗಿದ ದಿನ ನಾನೂ ಜೊತೆಗೆ ಹೋದೆ. ಬಾಯಾರು ಅಡಿಗೆ ಕೋಣೆಯಿಂದ ಹೊರಗೆ ಬಂದು, ಚಾಳೀಸು ಹಾಕಿಕೊಂಡು ನೋಡಿದ್ದೇನೆ ಎಂದು ತಾವಾಗಿಯೇ ಹೇಳಿದರು. ಆಮೇಲೆ, ಮಾತಿಲ್ಲದೆ, ಎರಡೂ ಕೈಗಳಿಂದ ಗಾಳಿಯಲ್ಲಿ ಒಬ್ಬರನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ ತೋರಿಸಿದರು. ಸರಿಯಾಗಿಯೇ ಇತ್ತು. ಇನ್ನೂ ಏನೋ ಬಿಟ್ಟಿದ್ದಾರೆಯೇ ಎಂದು ಅವರ ಕೈಯನ್ನೇ ನೋಡಿದೆ. ಮಗಳು ನನ್ನ ತೋಳು ಹಿಡಿದು, ಬಸ್ಸು ತಪ್ಪುತ್ತದೆ ಹೋಗು ಎಂದಳು.

ಆ ಶಾಲೆಯವರು ಎಲ್ಲರೂ ನೋಡಿದ್ದಾರೆ. ಅವರಿಗೆ ತಿಳಿದಿದೆಯೋ ಇಲ್ಲವೋ ಎಂದು ಖಚಿತವಾಗಬೇಕಾದರೆ ಅವಳು ಅಲ್ಲಿ ಇನ್ನೊಮ್ಮೆ ಬೀಳಬೇಕು. ಬೀಳಬಾರದು. ಈ ಎರಡರ ನಡುವೆ ನಾನು ಅಂಗಡಿಯಲ್ಲಿ ಕೂತಿರುತ್ತೇನೆ, ಊಟದ ಹೊತ್ತಾದಾಗ ಚಿಲ್ಲರೆ ಎಣಿಸುವುದು ತಪ್ಪುತ್ತದೆ.